ಮಾರ್ಚ್ ತಿಂಗಳು ಆಗಸ್ಟ್ ಆದಾಗ

ಮಸುಕಾದ ಮುದ್ರಣದಲ್ಲಿ 3 ಮತ್ತು 8 ಬೇರೆಯಾಗಿ ಕಾಣುವುದು ಎಡಬದಿಯ ಒಂದು ತೆಳುವಾದ ಗೆರೆಯಿಂದ. ಬ್ರೋಕರ್ ಕೊಟ್ಟ ಷೇರು ವಹಿವಾಟಿನ ಪಟ್ಟಿಯನ್ನು ಫೋನಿನಲ್ಲಿ ಫೋಟೊ ತೆಗೆದು, ಅದರಿಂದ ಅಕ್ಷರ ಓದುವ ತಂತ್ರಾಂಶಕ್ಕೆ ಕೊಟ್ಟಾಗ ಆ ಗೆರೆ ಇಲ್ಲದ ಕಡೆ ಮೂಡುತ್ತದೆ, ಇರುವ ಕಡೆ ಅಳಿಸಿಹೋಗುತ್ತದೆ. ಹಾಗೆ 11-03-2024 ಎಂಬ ಖರೀದಿ ದಿನ 11-08-2024 ಆಗಿಬಿಡುತ್ತದೆ. ಆ ಷೇರನ್ನು 2025ರ ಮೇ ತಿಂಗಳಲ್ಲಿ ಮಾರಿದ್ದರೆ, ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದ ಷೇರು ಒಂಬತ್ತು ತಿಂಗಳ ಷೇರಾಗುತ್ತದೆ. ಆಮೇಲೆ ತೆರಿಗೆಯ ದರವೇ ಬೇರೆ.

ಭಾರತದಲ್ಲಿ ಷೇರುಪೇಟೆಯಲ್ಲಿ ನೋಂದಾಯಿತವಾದ ಷೇರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಬರುವುದು ದೀರ್ಘಾವಧಿ ಬಂಡವಾಳ ಗಳಿಕೆ. ಅಷ್ಟು ಕಾಲ ಆಗಿರದಿದ್ದರೆ ಅಲ್ಪಾವಧಿ ಗಳಿಕೆ. 2024ರ ಜುಲೈ 23ರಿಂದ ಮೊದಲನೆಯದಕ್ಕೆ ಶೇ 12.5, ಎರಡನೆಯದಕ್ಕೆ ಶೇ 20 ತೆರಿಗೆ. ದೀರ್ಘಾವಧಿಯದಕ್ಕೆ ವರ್ಷಕ್ಕೆ 1.25 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ, ಅಲ್ಪಾವಧಿಯದಕ್ಕೆ ಅಂಥ ವಿನಾಯಿತಿ ಇಲ್ಲ. ಆದ್ದರಿಂದ ಈ ಲೆಕ್ಕದಲ್ಲಿ ದುಡ್ಡಿನ ಅಂಕಿಗಳಷ್ಟೇ ದಿನಾಂಕವೂ ಮುಖ್ಯ. ತೊಂದರೆ ಏನೆಂದರೆ, ದುಡ್ಡಿನ ಅಂಕಿ ತಪ್ಪಾದರೆ ಪಟ್ಟಿಯೇ ಅದನ್ನು ಹಿಡಿದುಕೊಡುತ್ತದೆ. ದಿನಾಂಕ ತಪ್ಪಾದರೆ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ.

ಇಷ್ಟಕ್ಕೂ ಚಿತ್ರದಿಂದ ಸಾಲು ತೆಗೆಯುವ ಪರಿಸ್ಥಿತಿ ಏಕೆ ಬರುತ್ತದೆ? ಇತ್ತೀಚಿನ ವಹಿವಾಟುಗಳಿಗೆ ಬರಬಾರದು. ವಹಿವಾಟು ನಡೆದ 24 ಗಂಟೆಯೊಳಗೆ ಬ್ರೋಕರ್ ಕಾಂಟ್ರ್ಯಾಕ್ಟ್ ನೋಟ್ ಕೊಡಬೇಕೆಂಬ ನಿಯಮವಿದೆ. ಈಗ ಅದು ಸಾಮಾನ್ಯವಾಗಿ ಇಮೇಲಿನಲ್ಲಿ ಪಿಡಿಎಫ್ ಆಗಿ ಬರುತ್ತದೆ, ಅದರೊಳಗೆ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ. ಆದರೆ ಹತ್ತು ಹದಿನೈದು ವರ್ಷದ ಹಿಂದೆ ಕೊಂಡ ಷೇರುಗಳ ಕಥೆ ಬೇರೆ. ಆ ಬ್ರೋಕರ್ ವ್ಯವಹಾರ ನಿಲ್ಲಿಸಿರಬಹುದು, ಖಾತೆ ಇನ್ನೊಂದು ಕಡೆಗೆ ವರ್ಗವಾಗಿರಬಹುದು, ತಂದೆಯ ಷೇರು ಮಗಳ ಹೆಸರಿಗೆ ಬಂದಿರಬಹುದು. ಉಳಿದಿರುವುದು ಕಪಾಟಿನ ಫೈಲಿನಲ್ಲಿರುವ ಕಾಗದ, ಇಲ್ಲವೇ ಯಾರೋ ಕಳಿಸಿದ ಫೋಟೊ.

ಕೈಯಲ್ಲಿರುವುದು ಪಿಡಿಎಫ್ ಆದರೆ ಅದು ನಿಜವಾಗಿ ಚಿತ್ರವೋ ಅಲ್ಲವೋ ಎಂದು ಮೊದಲು ನೋಡಬೇಕು. ಒಂದು ಅಂಕಿಯ ಮೇಲೆ ಮೌಸ್ ಎಳೆದಾಗ ಅದು ಆಯ್ಕೆಯಾದರೆ ಒಳಗೆ ಅಕ್ಷರಗಳಿವೆ ಎಂದರ್ಥ. ಆಗ ಫೋಟೊ ಓದಿಸುವ ಗೋಜೇ ಬೇಡ, `pdftotext -layout` ಎಂಬ ಉಚಿತ ಆದೇಶ ಸಾಲುಗಳನ್ನು ಇದ್ದ ಜಾಗದಲ್ಲೇ ಇಳಿಸಿಕೊಡುತ್ತದೆ. ಎಷ್ಟೋ ಜನ ಪಿಡಿಎಫ್ ಅನ್ನು ಮುದ್ರಿಸಿ, ಮುದ್ರಿಸಿದ್ದನ್ನು ಸ್ಕ್ಯಾನ್ ಮಾಡಿ ಲೆಕ್ಕಿಗರಿಗೆ ಕಳಿಸುತ್ತಾರೆ. ಹಾಗೆ ಮಾಡಿದಾಗ ತಪ್ಪಿಲ್ಲದ ಅಂಕಿಗಳು ಕೈಬಿಟ್ಟು, ಊಹೆಯಿಂದ ಓದಬೇಕಾದ ಚಿತ್ರವೊಂದು ಕೈಗೆ ಬರುತ್ತದೆ.

ಎರಡನೆಯದಾಗಿ, ಆ ಕಾಗದ ಯಾವುದು ಎಂಬುದು. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಡಿಮ್ಯಾಟ್ ಖಾತೆಯ ವಹಿವಾಟು ಪಟ್ಟಿಯಲ್ಲಿ ಷೇರು ಯಾವತ್ತು ಬಂತು, ಯಾವತ್ತು ಹೋಯಿತು, ಎಷ್ಟು ಎಂಬುದಿರುತ್ತದೆ. ಯಾವ ಬೆಲೆಗೆ ಕೊಂಡದ್ದು ಎಂಬುದು ಇರುವುದಿಲ್ಲ. ಅದನ್ನು ಎಷ್ಟು ಚೆನ್ನಾಗಿ ಓದಿದರೂ ಗಳಿಕೆ ಸಿಗದು. ಬೆಲೆ ಬೇಕೆಂದರೆ ಬ್ರೋಕರ್‌ನ ಕಾಂಟ್ರ್ಯಾಕ್ಟ್ ನೋಟ್ ಅಥವಾ ವಹಿವಾಟು ಪಟ್ಟಿಯೇ ಬೇಕು. ಆದರೆ ಡಿಮ್ಯಾಟ್ ಪಟ್ಟಿಯನ್ನು ಎಸೆಯಬಾರದು, ಮುಂದೆ ಅದೇ ಸಾಕ್ಷಿಯಾಗಿ ಕೆಲಸಕ್ಕೆ ಬರುತ್ತದೆ.

ಇನ್ನು ಚಿತ್ರವನ್ನೇ ಓದಿಸಬೇಕಾದ ಸಂದರ್ಭ. ಉಚಿತವಾಗಿ ಸಿಗುವ ಓದುಗ ತಂತ್ರಾಂಶಗಳಲ್ಲಿ ಹಳೆಯದೂ ಹೆಸರಾದದ್ದೂ ಟೆಸರಾಕ್ಟ್. 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿದ ಇದು 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಇದರ ದೊಡ್ಡ ಅನುಕೂಲವೆಂದರೆ ನಮ್ಮದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತದೆ. ಪ್ಯಾನ್ ಸಂಖ್ಯೆ, ವಿಳಾಸ, ಬ್ಯಾಂಕ್ ಖಾತೆ ಎಲ್ಲವೂ ಇರುವ ಕಾಗದವನ್ನು ಗೊತ್ತಿಲ್ಲದ ಜಾಲತಾಣಕ್ಕೆ ಹಾಕಬೇಕಾಗಿಲ್ಲ.

```
tesseract puta1.png puta1 -l eng --psm 6 tsv
```

ಈ ಸಾಲಿನಲ್ಲಿ ಗಮನಿಸಬೇಕಾದದ್ದು `--psm 6` ಮತ್ತು `tsv`. ಏನೂ ಹೇಳದೆ ಬಿಟ್ಟರೆ ಟೆಸರಾಕ್ಟ್ ಪುಟದ ವಿನ್ಯಾಸವನ್ನು ತಾನೇ ಊಹಿಸುತ್ತದೆ. ಪತ್ರಿಕೆಯ ಪುಟವನ್ನು ಕಾಲಂ ಕಾಲಂ ಆಗಿ ಓದುವಂತೆ ಕೋಷ್ಟಕವನ್ನೂ ಮೇಲಿಂದ ಕೆಳಗೆ ಓದಿಬಿಡಬಹುದು. ಮೊದಲು ಎಲ್ಲ ದಿನಾಂಕಗಳು, ಆಮೇಲೆ ಎಲ್ಲ ಹೆಸರುಗಳು, ಆಮೇಲೆ ಎಲ್ಲ ದರಗಳು ಬರುತ್ತವೆ. ಸಾಲು ಎಂಬುದೇ ಮಾಯವಾಗುತ್ತದೆ. 6 ಎಂದರೆ ಪುಟವನ್ನು ಒಂದೇ ತುಂಡಾಗಿ ಭಾವಿಸಿ ಅಡ್ಡಡ್ಡವಾಗಿ ಓದು ಎಂದು. `tsv` ಎಂದರೆ ಪ್ರತಿ ಪದದ ಜೊತೆಗೆ ಅದು ಪುಟದಲ್ಲಿ ಎಲ್ಲಿದೆ ಎಂಬ ಅಳತೆಯನ್ನೂ ಕೊಡು ಎಂದು.

ಜಾಗದ ಅಳತೆ ಏಕೆ ಬೇಕೆಂಬುದು ಖಾಲಿ ಮನೆಗಳಿರುವ ಪಟ್ಟಿಯನ್ನು ಕಂಡಾಗ ತಿಳಿಯುತ್ತದೆ. ಹಲವು ಪಟ್ಟಿಗಳಲ್ಲಿ ಖರೀದಿಗೆ ಒಂದು ಕಾಲಂ, ಮಾರಾಟಕ್ಕೆ ಇನ್ನೊಂದು ಕಾಲಂ ಇರುತ್ತದೆ. ಮಾರಿದ ದಿನ ಖರೀದಿಯ ಮನೆ ಖಾಲಿ. ಬರೀ ಪಠ್ಯವಾಗಿ ಇಳಿಸಿಕೊಂಡರೆ ಖಾಲಿ ಜಾಗ ಮುಚ್ಚಿಹೋಗಿ, ಮಾರಿದ 170 ಷೇರು ಎಡಕ್ಕೆ ಸರಿದು ಕೊಂಡ 170 ಷೇರಾಗುತ್ತದೆ. ಅಂಕಿಗಳನ್ನು ಸಾಮಾನ್ಯವಾಗಿ ಕಾಲಂನ ಬಲ ಅಂಚಿಗೆ ಒತ್ತಿ ಮುದ್ರಿಸುತ್ತಾರೆ. ಆದ್ದರಿಂದ `left` ಮತ್ತು `width` ಎರಡನ್ನೂ ಕೂಡಿಸಿ ಬರುವ ಬಲ ಅಂಚನ್ನು ನೋಡಿದರೆ ಆ ಅಂಕಿ ಯಾವ ಕಾಲಂನದು ಎಂಬುದು ಖಚಿತವಾಗುತ್ತದೆ. `top` ಹೆಚ್ಚುಕಡಿಮೆ ಒಂದೇ ಇರುವ ಪದಗಳು ಒಂದೇ ಸಾಲಿನವು. ಫೋಟೊ ಓರೆಯಾಗಿದ್ದರೆ ಈ ಹೊಂದಿಕೆ ಕೆಡುತ್ತದೆ, ಒಂದು ಸಾಲಿನ ಬಲತುದಿ ಕೆಳಗಿನ ಸಾಲಿಗೆ ಅಂಟಿಕೊಳ್ಳುತ್ತದೆ. ಕಾಗದವನ್ನು ಮಡಿಕೆ ಬಿಡಿಸಿ ಸ್ಕ್ಯಾನರ್ ಮೇಲೆ ಚಪ್ಪಟೆಯಾಗಿಟ್ಟು, ಇಂಚಿಗೆ 300 ಚುಕ್ಕೆಗಳ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ತಂತ್ರಾಂಶ `conf` ಎಂಬ ಕಾಲಂನಲ್ಲಿ ತನಗೆಷ್ಟು ಭರವಸೆ ಇದೆ ಎಂದು ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಅದನ್ನು ನಂಬಿ ಕೂರಬಾರದು. ಮಸುಕಾದ ಕಡೆ ಅದು ಕಡಿಮೆ ಇರುತ್ತದೆ ನಿಜ, ಆದರೆ ತಪ್ಪಾಗಿ ಓದಿದ ಅಂಕಿಗೂ ಎತ್ತರದ ಭರವಸೆ ಬರುವುದುಂಟು. ನಿಜವಾದ ಪರೀಕ್ಷೆ ಪಟ್ಟಿಯ ಒಳಗೇ ಇದೆ.

ಉದಾಹರಣೆಗಾಗಿ ಕಟ್ಟಿಕೊಂಡ ಒಂದು ಪಟ್ಟಿ ನೋಡೋಣ. ಒಂದೇ ಕಂಪನಿಯ ಷೇರು, ನಾಲ್ಕು ಸಾಲು. ಬಿ ಎಂದರೆ ಖರೀದಿ, ಎಸ್ ಎಂದರೆ ಮಾರಾಟ. ಆಮೇಲೆ ಸಂಖ್ಯೆ, ದರ, ಮೊತ್ತ.

```
12-06-2017  B  100    480.00    48,000.00
11-03-2024  B   50    900.00    45,000.00
14-10-2024  B   40  1,010.00    40,400.00
20-05-2025  S  170  1,100.00  1,87,000.00
```

ಪ್ರತಿ ಸಾಲಿನಲ್ಲೂ ಸಂಖ್ಯೆಯನ್ನು ದರದಿಂದ ಗುಣಿಸಿದರೆ ಮೊತ್ತ ಬರಬೇಕು. ಮೊದಲ ಸಾಲಿನ 100 ಎಂಬುದನ್ನು ತಂತ್ರಾಂಶ 700 ಎಂದು ಓದಿತೆನ್ನಿ. 700ನ್ನು 480ರಿಂದ ಗುಣಿಸಿದರೆ 3,36,000, ಆದರೆ ಮೊತ್ತದ ಮನೆಯಲ್ಲಿ 48,000 ಇದೆ. ತಪ್ಪು ಸಿಕ್ಕಿತು. ಮಾತ್ರವಲ್ಲ, 48,000ವನ್ನು 480ರಿಂದ ಭಾಗಿಸಿದರೆ ಸರಿಯಾದ 100 ಕೂಡ ಸಿಕ್ಕಿತು. ದಶಮಾಂಶದ ಚುಕ್ಕೆ ಬಿಟ್ಟುಹೋಗಿ 900.00 ಎಂಬುದು 90000 ಆದರೂ ಹೀಗೇ ಸಿಕ್ಕಿಬೀಳುತ್ತದೆ. ಎಕ್ಸೆಲ್‌ನಂಥ ಹಾಳೆಯಲ್ಲಿ ಇದಕ್ಕೆ ಒಂದೇ ಸೂತ್ರ ಸಾಕು. ಸಂಖ್ಯೆ ಸಿ ಕಾಲಂನಲ್ಲಿ, ದರ ಡಿಯಲ್ಲಿ, ಮೊತ್ತ ಇಯಲ್ಲಿದ್ದರೆ:

```
=ROUND(C2*D2-E2,2)
```

ಸೊನ್ನೆ ಬಂದರೆ ಸಾಲು ಸರಿ. ಕೆಲವು ಪೈಸೆಗಳ ವ್ಯತ್ಯಾಸ ಬಂದರೆ ಗಾಬರಿ ಬೇಡ, ಸರಾಸರಿ ದರವನ್ನು ಮುದ್ರಿಸುವಾಗ ಕೊನೆಯ ದಶಮಾಂಶ ಕತ್ತರಿಸಿರುತ್ತಾರೆ. ಪ್ರತಿ ಸಾಲಿನಲ್ಲೂ ಒಂದೇ ಪ್ರಮಾಣದ ವ್ಯತ್ಯಾಸ ಬರುತ್ತಿದ್ದರೆ ಬೇರೆ ಕಾರಣವಿರುತ್ತದೆ. ಕಾಂಟ್ರ್ಯಾಕ್ಟ್ ನೋಟಿನಲ್ಲಿ ಬ್ರೋಕರೇಜ್ ಸೇರಿಸುವ ಮೊದಲಿನ ದರ, ಸೇರಿಸಿದ ನಂತರದ ದರ ಎಂದು ಎರಡು ಕಾಲಂ ಇರುತ್ತವೆ. ತೆಗೆದುಕೊಂಡದ್ದು ಒಂದಾಗಿ, ಹೋಲಿಸಿದ್ದು ಇನ್ನೊಂದಾಗಿರುತ್ತದೆ.

ಇನ್ನೊಂದು ಸಾಕ್ಷಿ ಎಸ್‌ಟಿಟಿ, ಅಂದರೆ ಷೇರು ವಹಿವಾಟು ತೆರಿಗೆ. ಡೆಲಿವರಿ ವಹಿವಾಟಿಗೆ ಕೊಳ್ಳುವಾಗಲೂ ಮಾರುವಾಗಲೂ ಶೇ 0.1ರಷ್ಟು ಇದನ್ನು ಹಿಡಿಯುತ್ತಾರೆ, ರೂಪಾಯಿಗೆ ದುಂಡಾಗಿಸಿ. 1,87,000ದ ಮಾರಾಟಕ್ಕೆ ಎಸ್‌ಟಿಟಿ 187. ನೋಟಿನ ಕೆಳಭಾಗದಲ್ಲಿ 187 ಕಂಡರೆ ಮೇಲಿನ ಮೊತ್ತ ಸರಿಯಾಗಿ ಓದಲಾಗಿದೆ ಎಂದು ಧೈರ್ಯ ತಂದುಕೊಳ್ಳಬಹುದು. ಗಳಿಕೆ ಲೆಕ್ಕ ಹಾಕುವಾಗ ಬ್ರೋಕರೇಜ್ ಕಳೆಯಬಹುದು, ಎಸ್‌ಟಿಟಿ ಕಳೆಯುವಂತಿಲ್ಲ. ಓದಿಸಿದ ಪಟ್ಟಿಯಲ್ಲಿ ಇವೆರಡೂ ಒಂದೇ ಖರ್ಚಿನ ಮೊತ್ತವಾಗಿ ಬೆರೆತುಹೋಗುವುದು ಸಾಮಾನ್ಯವಾದ್ದರಿಂದ ಬೇರೆ ಬೇರೆ ಮನೆಯಲ್ಲೇ ಇಡಬೇಕು.

ಕಂಪನಿಯ ಹೆಸರಿಗೂ ಇಂಥ ಒಂದು ಒಳಪರೀಕ್ಷೆ ಇದೆ. ಉದ್ದ ಹೆಸರುಗಳು ಎರಡು ಸಾಲಿಗೆ ಮುರಿಯುತ್ತವೆ, ತುಂಡಾಗುತ್ತವೆ. ಆದ್ದರಿಂದ ಹೆಸರಿಗಿಂತ ಹನ್ನೆರಡು ಅಕ್ಷರದ ಐಸಿನ್ ಸಂಖ್ಯೆಯನ್ನು ಹಿಡಿಯುವುದು ಒಳ್ಳೆಯದು. ಬೆಂಗಳೂರಿನ ಇನ್ಫೊಸಿಸ್‌ನ ಐಸಿನ್ INE009A01021. ಇದರ ಕೊನೆಯ 1 ಸುಮ್ಮನೆ ಬಂದದ್ದಲ್ಲ, ಹಿಂದಿನ ಹನ್ನೊಂದರಿಂದ ಲೆಕ್ಕ ಹಾಕಿ ಇಟ್ಟ ತಾಳೆ ಅಂಕಿ. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದ, ಇಂದು ಕ್ರೆಡಿಟ್ ಕಾರ್ಡ್ ಸಂಖ್ಯೆಗಳಲ್ಲೂ ಇರುವ ವಿಧಾನವೇ ಇಲ್ಲೂ ಇದೆ. A ಆದಮೇಲಿನ ಸೊನ್ನೆಯನ್ನು ತಂತ್ರಾಂಶ ಇಂಗ್ಲಿಷಿನ O ಎಂದು ಓದಿದರೆ ತಾಳೆ ಅಂಕಿ 0 ಬರಬೇಕಾಗುತ್ತದೆ, ಕಾಗದದಲ್ಲಿ 1 ಇದೆ. ತಪ್ಪು ಬಯಲಾಯಿತು.

ಬಿ ಮತ್ತು ಎಸ್ ಎಂಬ ಒಂಟಿ ಅಕ್ಷರಗಳಿಗೆ ಗುಣಾಕಾರದ ರಕ್ಷಣೆ ಇಲ್ಲ. B ಎಂಬುದು 8 ಆಗಬಹುದು, S ಎಂಬುದು 5 ಆಗಬಹುದು. ಅಂಕಿಯಾದರೆ ಕಣ್ಣಿಗೆ ಹೊಡೆಯುತ್ತದೆ, ಆದರೆ ಒಂದರ ಬದಲು ಇನ್ನೊಂದು ಅಕ್ಷರವೇ ಬಂದುಬಿಟ್ಟರೆ? ಆಗ ಕೈಯಲ್ಲಿ ಉಳಿದ ಷೇರುಗಳ ಲೆಕ್ಕ ಇಡಬೇಕು. ನಮ್ಮ ಪಟ್ಟಿಯಲ್ಲಿ ಅದು 100, 150, 190, ಕೊನೆಗೆ 20. ಡಿಮ್ಯಾಟ್ ಖಾತೆಯಲ್ಲಿ ಇವತ್ತು 20 ಷೇರು ಇದ್ದರೆ ಎಲ್ಲ ಸರಿ. ಮೊದಲು ಪಕ್ಕಕ್ಕಿಟ್ಟ ಡಿಮ್ಯಾಟ್ ಪಟ್ಟಿ ಕೆಲಸಕ್ಕೆ ಬರುವುದು ಇಲ್ಲೇ.

ಈ ಲೆಕ್ಕ ಸೊನ್ನೆಗಿಂತ ಕೆಳಗಿಳಿದರೆ, ಅಂದರೆ ಕೊಂಡದ್ದಕ್ಕಿಂತ ಹೆಚ್ಚು ಮಾರಿದಂತೆ ಕಂಡರೆ, ಒಂದು ಪುಟ ಕಳೆದಿರಬಹುದು. ಅಥವಾ ಬೋನಸ್ ಷೇರು ಬಂದಿರಬಹುದು. ಇನ್ಫೊಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. 100 ಷೇರು ಇದ್ದವರಿಗೆ 200 ಆಯಿತು, ಆದರೆ ಬ್ರೋಕರ್ ಮೂಲಕ ಏನನ್ನೂ ಕೊಳ್ಳದ ಕಾರಣ ಬ್ರೋಕರ್‌ನ ಖರೀದಿ ಪಟ್ಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಆ ಸಾಲನ್ನು ನಾವೇ ಸೇರಿಸಬೇಕು. ಬೋನಸ್ ಬಂದ ದಿನವೇ ಆ ಷೇರುಗಳ ಖರೀದಿ ದಿನ, ಅವುಗಳ ಖರೀದಿ ಬೆಲೆ ಸೊನ್ನೆ. ಷೇರನ್ನು ವಿಭಜಿಸಿದ್ದರೆ ಹಾಗಲ್ಲ, ಹಳೆಯ ದಿನಾಂಕವೇ ಉಳಿದು ಹಳೆಯ ಬೆಲೆ ಹಂಚಿಹೋಗುತ್ತದೆ. ಪುಟದ ಕೊನೆಯಲ್ಲಿ ಬರುವ, ಮುಂದಿನ ಪುಟದ ತಲೆಯಲ್ಲಿ ಮತ್ತೆ ಬರುವ ಒಟ್ಟು ಮೊತ್ತದ ಸಾಲು ವಹಿವಾಟಿನ ವೇಷದಲ್ಲಿ ಒಳಗೆ ಬಂದಿದ್ದರೂ ಈ ಉಳಿಕೆ ಲೆಕ್ಕ ಕೆಡುತ್ತದೆ.

ಈಗ ದಿನಾಂಕ. ಮೇಲಿನ ಪರೀಕ್ಷೆಗಳೆಲ್ಲವನ್ನೂ ದಾಟಿ 11-08-2024 ಎಂಬ ತಪ್ಪು ದಿನಾಂಕ ನೆಮ್ಮದಿಯಾಗಿ ಕೂತಿರುತ್ತದೆ. ಗುಣಾಕಾರ ಸರಿ, ಉಳಿಕೆ ಸರಿ. ಸಾಲುಗಳು ದಿನಾಂಕದ ಕ್ರಮದಲ್ಲಿವೆಯೇ ಎಂದು ನೋಡಿದರೂ ಆಗಸ್ಟ್ ಆದಮೇಲೆ ಅಕ್ಟೋಬರ್, ಅದೂ ಸರಿ. ಆದರೆ 2024ರ ಆಗಸ್ಟ್ 11 ಭಾನುವಾರ. ಷೇರುಪೇಟೆಗೆ ರಜೆ. ಮಾರ್ಚ್ 11 ಸೋಮವಾರ. `=WEEKDAY(A2,2)` ಎಂಬ ಸೂತ್ರ 6 ಅಥವಾ 7 ಕೊಟ್ಟರೆ ಆ ಸಾಲಿನ ಮೂಲ ಚಿತ್ರವನ್ನು ದೊಡ್ಡದು ಮಾಡಿ ನೋಡಲೇಬೇಕು. ಅಪರೂಪಕ್ಕೆ ಅದು ನಿಜವೂ ಆಗಿರುತ್ತದೆ. 2023ರ ನವೆಂಬರ್ 12ರ ಭಾನುವಾರ ದೀಪಾವಳಿಯ ಮುಹೂರ್ತ ವಹಿವಾಟು ನಡೆದಿತ್ತು.

ವಾರದ ದಿನ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ತಪ್ಪು ದಿನಾಂಕ ಮಂಗಳವಾರವೋ ಬುಧವಾರವೋ ಆಗಿ ಬಿದ್ದರೆ ಯಾವ ಗಂಟೆಯೂ ಬಾರಿಸದು. ಆದ್ದರಿಂದ ಮಾರಾಟಕ್ಕೆ 12 ತಿಂಗಳ ಆಸುಪಾಸಿನಲ್ಲಿ ಬರುವ ಪ್ರತಿ ಖರೀದಿ ದಿನವನ್ನೂ ಡಿಮ್ಯಾಟ್ ಪಟ್ಟಿಯ ಜೊತೆ ಕಣ್ಣಿಂದಲೇ ತಾಳೆ ನೋಡಬೇಕು. ಅಲ್ಲಿ ಷೇರು ಬಂದ ದಿನ ಖರೀದಿಯ ಒಂದೆರಡು ಕೆಲಸದ ದಿನಗಳ ನಂತರ ಇರುತ್ತದೆ. 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಮರುದಿನವೇ ಸೆಟ್ಲ್‌ಮೆಂಟ್, ಅದಕ್ಕೂ ಮೊದಲು ಎರಡು ದಿನ ಆಗುತ್ತಿತ್ತು.

ಓದಿದ ಮೇಲೂ ದಿನಾಂಕ ಕೆಡುವ ಒಂದು ಜಾಗವಿದೆ, ಅದು ಎಕ್ಸೆಲ್ ಹಾಳೆ. ಕಂಪ್ಯೂಟರ್ ಅಮೆರಿಕದ ಕ್ರಮಕ್ಕೆ ಹೊಂದಿಸಿದ್ದರೆ ಅದು ತಿಂಗಳನ್ನು ಮೊದಲು ಎಣಿಸುತ್ತದೆ. 12-06-2017 ಡಿಸೆಂಬರ್ 6 ಆಗುತ್ತದೆ, ಅದು ಬುಧವಾರವಾದ್ದರಿಂದ ವಾರದ ಪರೀಕ್ಷೆಯನ್ನೂ ದಾಟುತ್ತದೆ. 20-05-2025ರಲ್ಲಿ ಇಪ್ಪತ್ತನೆಯ ತಿಂಗಳು ಇಲ್ಲದ ಕಾರಣ ಅದು ದಿನಾಂಕವಾಗದೆ ಬರೀ ಪಠ್ಯವಾಗಿ ಮನೆಯ ಎಡಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ ಇದೇ ಆಗಿದೆ ಎಂದು ತಿಳಿಯಬೇಕು.

ಪಟ್ಟಿಯಲ್ಲಿ ವಹಿವಾಟಿನ ದಿನ, ಸೆಟ್ಲ್‌ಮೆಂಟ್ ದಿನ ಎರಡೂ ಇರುವುದುಂಟು. ಮಾರಾಟದ ದಿನ ಎಂದರೆ ಕಾಂಟ್ರ್ಯಾಕ್ಟ್ ನೋಟಿನ ದಿನ ಎಂದು ನೇರ ತೆರಿಗೆ ಮಂಡಳಿ 1995ರ ಸುತ್ತೋಲೆಯಲ್ಲೇ ಹೇಳಿದೆ. 2024ರ ಮಾರ್ಚ್ 28ರ ಗುರುವಾರ ಷೇರು ಮಾರಿದವರ ಉದಾಹರಣೆ ಇದಕ್ಕೆ ಸರಿಹೊಂದುತ್ತದೆ. ಮರುದಿನ ಗುಡ್ ಫ್ರೈಡೆ, ಆಮೇಲೆ ಶನಿವಾರ, ಭಾನುವಾರ. ಸೆಟ್ಲ್‌ಮೆಂಟ್ ಏಪ್ರಿಲ್‌ಗೆ ಹೋಯಿತು. ತಪ್ಪಿ ಆ ಕಾಲಂ ಹಿಡಿದರೆ ಒಂದು ಹಣಕಾಸು ವರ್ಷದ ಗಳಿಕೆ ಮುಂದಿನ ವರ್ಷದ ರಿಟರ್ನ್ಸ್‌ಗೆ ಹೋಗಿ ಕೂರುತ್ತದೆ.

ಸಾಲುಗಳು ಗಟ್ಟಿಯಾದ ಮೇಲೆ ಗಳಿಕೆಯ ಲೆಕ್ಕ ಕಷ್ಟವಲ್ಲ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದ ಷೇರು ಮೊದಲು ಹೋಗುತ್ತದೆ ಎಂಬುದು ಕಾನೂನು. ಯಾವುದನ್ನು ಮಾರಿದೆ ಎಂದು ನಾವು ಆರಿಸಿಕೊಳ್ಳುವಂತಿಲ್ಲ. ಎರಡು ಖಾತೆಗಳಿದ್ದರೆ ಒಂದೊಂದಕ್ಕೂ ಬೇರೆ ಸಾಲು. ನಮ್ಮ ಪಟ್ಟಿಯಲ್ಲಿ ಮಾರಿದ 170ರಲ್ಲಿ ಮೊದಲ 100 ಷೇರು 2017ರವು, ಆಮೇಲಿನ 50 ಮಾರ್ಚ್‌ನವು, ಕೊನೆಯ 20 ಅಕ್ಟೋಬರ್‌ನವು.

2017ರ ಷೇರಿಗೆ ಒಂದು ವಿಶೇಷ ರಿಯಾಯಿತಿ ಇದೆ. ದೀರ್ಘಾವಧಿ ಗಳಿಕೆಗೆ 2018ರ ಏಪ್ರಿಲ್‌ನಿಂದ ಮತ್ತೆ ತೆರಿಗೆ ಬಂದಾಗ, ಅದುವರೆಗೆ ಆಗಿದ್ದ ಏರಿಕೆಯನ್ನು ಬಿಟ್ಟುಕೊಡಲು ಸರ್ಕಾರ ಒಪ್ಪಿತು. 2018ರ ಜನವರಿ 31ರಂದು ಷೇರುಪೇಟೆಯಲ್ಲಿ ಆ ಷೇರಿಗಿದ್ದ ಗರಿಷ್ಠ ದರವನ್ನೂ ಮಾರಿದ ದರವನ್ನೂ ಹೋಲಿಸಿ ಕಡಿಮೆ ಇರುವುದನ್ನು ತೆಗೆದುಕೊಳ್ಳಬೇಕು. ಅದಕ್ಕೂ ನಿಜವಾದ ಖರೀದಿ ಬೆಲೆಗೂ ಹೋಲಿಸಿ ಹೆಚ್ಚಿರುವುದನ್ನು ಖರೀದಿ ಬೆಲೆಯೆಂದು ಇಟ್ಟುಕೊಳ್ಳಬೇಕು. ಆ ದಿನದ ದರ 620 ಎಂದಿಟ್ಟುಕೊಂಡರೆ, 480ಕ್ಕೆ ಕೊಂಡ ಷೇರಿನ ಬೆಲೆ 620 ಎಂದಾಗುತ್ತದೆ. 100 ಷೇರಿನ ಮೇಲೆ ಗಳಿಕೆ 48,000 ರೂಪಾಯಿ. ಈ ರಿಯಾಯಿತಿ ಮರೆತಿದ್ದರೆ 62,000 ಆಗುತ್ತಿತ್ತು.

ಮಾರ್ಚ್‌ನ 50 ಷೇರುಗಳಿಗೆ 14 ತಿಂಗಳು ದಾಟಿದೆ. ಷೇರಿಗೆ 200ರಂತೆ 10,000 ದೀರ್ಘಾವಧಿ ಗಳಿಕೆ. ಅಕ್ಟೋಬರ್‌ನ 20ಕ್ಕೆ ಷೇರಿಗೆ 90ರಂತೆ 1,800 ಅಲ್ಪಾವಧಿ. ವರ್ಷದಲ್ಲಿ ಬೇರೆ ಮಾರಾಟವಿಲ್ಲದಿದ್ದರೆ ದೀರ್ಘಾವಧಿಯ 58,000ಕ್ಕೆ ತೆರಿಗೆಯೇ ಇಲ್ಲ, 1.25 ಲಕ್ಷದೊಳಗಿದೆ. ಅಲ್ಪಾವಧಿಯ 1,800ಕ್ಕೆ ಶೇ 20ರಂತೆ 360 ರೂಪಾಯಿ, ಸೆಸ್ ಬಿಟ್ಟು. ಮಾರ್ಚ್ ಆಗಸ್ಟ್ ಎಂದೇ ಉಳಿದಿದ್ದರೆ ಆ 10,000 ಈ ಕಡೆಗೆ ಬಂದು 11,800ಕ್ಕೆ 2,360 ಕಟ್ಟಬೇಕಾಗುತ್ತಿತ್ತು. ಒಂದು ಗೆರೆಯ ಬೆಲೆ 2,000 ರೂಪಾಯಿ. ತಪ್ಪು ಇನ್ನೊಂದು ದಿಕ್ಕಿಗೆ ಆಗಿದ್ದರೆ ಅಷ್ಟೇ ಹಣ ಕಡಿಮೆ ಕಟ್ಟಿ, ಮುಂದೆ ಬಡ್ಡಿ ಸಮೇತ ಕೊಡಬೇಕಾಗಿ ಬರಬಹುದು.

ರಿಟರ್ನ್ಸ್ ತುಂಬುವ ಮೊದಲು ಆದಾಯ ತೆರಿಗೆ ಜಾಲತಾಣದ ಎಐಎಸ್ ಪಟ್ಟಿಯನ್ನು ಇಳಿಸಿಕೊಂಡು ಪಕ್ಕದಲ್ಲಿಡಬೇಕು. ಅದರಲ್ಲಿ ಡಿಪಾಸಿಟರಿಗಳು ವರದಿ ಮಾಡಿದ ಮಾರಾಟಗಳಿರುತ್ತವೆ. ಅಲ್ಲಿ ಕಾಣುವ ದರ ಕಾಂಟ್ರ್ಯಾಕ್ಟ್ ನೋಟಿನ ದರಕ್ಕೆ ಹೊಂದದೇ ಇರಬಹುದು, ಆಗ ಕಾಂಟ್ರ್ಯಾಕ್ಟ್ ನೋಟೇ ನಮ್ಮ ಆಧಾರ. ಆದರೆ ಮಾರಿದ ಷೇರುಗಳ ಸಂಖ್ಯೆ ಹೊಂದಲೇಬೇಕು. 170ರ ಬದಲು ಅಲ್ಲಿ 180 ಇದ್ದರೆ ಕಾಗದದ ಒಂದು ಸಾಲು ಇನ್ನೂ ಓದದೆ ಉಳಿದಿದೆ. ಎಲ್ಲ ಹೊಂದಿದ ಮೇಲೆ, 2018ರ ಜನವರಿ 31 ಅಥವಾ ಅದಕ್ಕೂ ಮೊದಲು ಕೊಂಡ ಷೇರುಗಳನ್ನು ರಿಟರ್ನ್ಸ್‌ನಲ್ಲಿ ಐಸಿನ್ ಸಮೇತ ಕಂಪನಿವಾರು ಬರೆಯಬೇಕು, ಆಮೇಲೆ ಕೊಂಡ ದೀರ್ಘಾವಧಿಯವನ್ನು ಒಟ್ಟಾಗಿ ಒಂದೇ ಸಾಲಿನಲ್ಲಿ ತೋರಿಸಬಹುದು. ಹಾಳೆಯ ಪ್ರತಿ ಸಾಲಿನ ಮುಂದೆ ಅದು ಯಾವ ಚಿತ್ರದ ಎಷ್ಟನೆಯ ಪುಟದಿಂದ ಬಂತು ಎಂದು ಬರೆದಿಟ್ಟುಕೊಂಡರೆ, ಮುಂದೆ ಇಲಾಖೆಯಿಂದ ಪ್ರಶ್ನೆ ಬಂದ ದಿನ ಫೈಲಿನ ಯಾವ ಕಾಗದವನ್ನು ಹೊರತೆಗೆಯಬೇಕೆಂದು ಹುಡುಕಾಡಬೇಕಾಗುವುದಿಲ್ಲ.